ಪಂಪಭಾರತದ ಮುಂದೆ ಯಾವ ಇಸವಿ ಬರೆಯಬೇಕು? ಹಳಗನ್ನಡ ಪುಸ್ತಕಗಳ ಪಟ್ಟಿ ಮಾಡುವವರಿಗೆ ಒಂದು ಪ್ರಶ್ನೆ

ಸುಜಾತಾ, ಸಾಗರ

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಕನ್ನಡ ಮೇಷ್ಟ್ರೊಬ್ಬರು ಹೋದ ವರ್ಷ ತೀರಿಕೊಂಡರು. ಅವರ ಮಕ್ಕಳು ಮನೆಯ ಪುಸ್ತಕಗಳನ್ನೆಲ್ಲ ನಮ್ಮ ಓದುಗರ ಬಳಗಕ್ಕೆ ಕೊಟ್ಟಿದ್ದಾರೆ. ಹೆಚ್ಚಿನವು ಹಳಗನ್ನಡ ಕಾವ್ಯಗಳು, ವ್ಯಾಕರಣ, ಟೀಕೆ. ಮುನ್ನೂರರ ಹತ್ತಿರ ಇವೆ. ಎಕ್ಸೆಲ್‌ನಲ್ಲಿ ಪಟ್ಟಿ ಮಾಡುತ್ತಿದ್ದೇವೆ.

ತೊಂದರೆ ಏನೆಂದರೆ, ನಾವು "ಇಸವಿ" ಅಂತ ಒಂದೇ ಕಾಲಂ ಇಟ್ಟುಕೊಂಡೆವು. ನಾನು ಕೂತಾಗ ಪುಸ್ತಕದ ಒಳಪುಟದಲ್ಲಿದ್ದ ಇಸವಿ ತುಂಬಿದೆ. ನನ್ನ ಜೊತೆಗಿದ್ದವರು ಕವಿಯ ಕಾಲ ತುಂಬಿದರು. ನಿನ್ನೆ ಇಸವಿಯ ಪ್ರಕಾರ ಜೋಡಿಸಿ ನೋಡಿದರೆ ಮೊದಲು 941 ಅಂತ ಪಂಪಭಾರತ, ಆಮೇಲೆ 1260 ಅಂತ ಶಬ್ದಮಣಿದರ್ಪಣ, ಅದಾದ ಮೇಲೆ ಎಲ್ಲೋ ಕೆಳಗೆ 1949 ಅಂತ ವಡ್ಡಾರಾಧನೆ. ಕನ್ನಡದ ಹಳೆಯ ಗದ್ಯಕೃತಿ ಕಾದಂಬರಿಗಳ ನಡುವೆ ಹೋಗಿ ಕೂತಿದೆ. ಎರಡು ಕಾಲಂ ಮಾಡಿದರೆ ಸಾಕಾ? ಶಬ್ದಮಣಿದರ್ಪಣದಲ್ಲಿ ಟೀಕೆಯೂ ಇದೆ, ಅದರ ಕಾಲ ಎಲ್ಲಿ ಬರೆಯುವುದು? ಒಂದಷ್ಟು ಪುಸ್ತಕಗಳಿಗೆ ಮೊದಲ ಹಾಳೆಯೇ ಇಲ್ಲ. ದಾರಿ ತೋರಿಸಿ.

ರವಿ ಬಿ., ಬೆಂಗಳೂರು

ಸುಜಾತಾ ಅವರೇ, ಇದಕ್ಕೆ ಅಷ್ಟೊಂದು ಯೋಚನೆ ಬೇಡ. ನಿಮ್ಮ ಕೈಯಲ್ಲಿರುವುದು ಪುಸ್ತಕ. ಪುಸ್ತಕ ಯಾವಾಗ ಅಚ್ಚಾಯಿತೋ ಅದೇ ಅದರ ಇಸವಿ. ಕವಿಯ ಕಾಲ ಬೇಕಾದವರು ಸಾಹಿತ್ಯ ಚರಿತ್ರೆ ನೋಡಿಕೊಳ್ಳುತ್ತಾರೆ. ನಮ್ಮ ಅಪಾರ್ಟ್‌ಮೆಂಟ್ ಗ್ರಂಥಾಲಯದ ಪಟ್ಟಿಯನ್ನು ಹೀಗೇ ಮಾಡಿದ್ದೇನೆ. ಒಳಪುಟದಲ್ಲಿ ಕೊನೆಯದಾಗಿ ಅಚ್ಚಾದ ಇಸವಿ ಹಾಕಿ, ಮುಗಿಯಿತು.

ಹಳಗನ್ನಡ ಮೇಷ್ಟ್ರು, ಧಾರವಾಡ

ರವಿಯವರ ಮಾತಿನಲ್ಲಿ ಅರ್ಧ ಸರಿ ಇದೆ. ಅಚ್ಚಿನ ಇಸವಿ ಪುಸ್ತಕಕ್ಕೇ ಸೇರಿದ್ದು, ಕವಿಯ ಕಾಲದ ಜೊತೆ ಬೆರೆಸಬಾರದು. ಆದರೆ ಅದೊಂದನ್ನೇ ಹಾಕಿದರೆ ಪಂಪನೂ ರನ್ನನೂ ಕಳೆದ ಶತಮಾನದ ಲೇಖಕರಾಗಿಬಿಡುತ್ತಾರೆ. ಸುಜಾತಾ ಅವರಿಗೆ ಆಗಿರುವುದೂ ಅದೇ.

ಶಬ್ದಮಣಿದರ್ಪಣವನ್ನೇ ಹಿಡಿದು ನೋಡೋಣ, ಅದರಲ್ಲಿ ಎಲ್ಲ ಪದರಗಳೂ ಇವೆ. ವ್ಯಾಕರಣದ ಸೂತ್ರಗಳನ್ನು ಬರೆದವನು ಕೇಶಿರಾಜ. ಅವನ ಕಾಲ ಸು. 1260 ಎಂದು ಹೇಳುವ ರೂಢಿ. ಈ "ಸು.", ಅಂದರೆ ಸುಮಾರು ಎನ್ನುವುದು, ಬಹಳ ಮುಖ್ಯ. ಕೇಶಿರಾಜ ಎಲ್ಲಿಯೂ ಶಕವರ್ಷ ಹೇಳಿಲ್ಲ. ತಾನು ಜನ್ನನ ಸೋದರಳಿಯ, ಮಲ್ಲಿಕಾರ್ಜುನನ ಮಗ ಎಂದು ಹೇಳಿಕೊಂಡಿದ್ದಾನೆ. ಜನ್ನನ ಯಶೋಧರಚರಿತೆ 1209ರದು, ಅನಂತನಾಥಪುರಾಣ 1230ರದು. ಅಲ್ಲಿಂದ ಒಂದು ತಲೆಮಾರು ಮುಂದೆ ಬಂದರೆ ಹದಿಮೂರನೆಯ ಶತಮಾನದ ನಡುವಿನ ಭಾಗ. 1260 ಬಂದದ್ದು ಇಂಥ ಲೆಕ್ಕದಿಂದ. "ಸು." ಬಿಟ್ಟು ಬರೀ 1260 ಎಂದು ಟೈಪ್ ಮಾಡಿದಿರೋ, ಊಹೆಯೊಂದು ದಾಖಲೆಯಾಗಿಬಿಡುತ್ತದೆ.

ಇದರ ಮೇಲಿನ ಹಳೆಯ ಟೀಕೆ, ಅಂದರೆ ಸೂತ್ರಗಳ ಅರ್ಥ ಬಿಡಿಸುವ ವ್ಯಾಖ್ಯಾನ, ಇನ್ನೊಬ್ಬರದು. ಟೀಕಾಕಾರ ಕೇಶಿರಾಜನಿಗಿಂತ ಈಚಿನವನು, ಅಚ್ಚಿನ ಕಾಲಕ್ಕಿಂತ ಎಷ್ಟೋ ಹಿಂದಿನವನು. ಫರ್ಡಿನೆಂಡ್ ಕಿಟ್ಟೆಲ್ 1872ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನಿಂದ ಸೂತ್ರ, ಟೀಕೆ ಎರಡನ್ನೂ ಸೇರಿಸಿ ಅಚ್ಚು ಹಾಕಿಸಿದರು. ಆ ಪುಸ್ತಕದಲ್ಲಿ ಟೀಕಾಕಾರನ ಹೆಸರು ನಿಷ್ಠುರಸಂಜಯ್ಯ ಎಂದಿದೆ. ಬೇರೆ ಕಡೆ ನಿಷ್ಠುರನಂಜಯ್ಯ ಎಂದು ಕಾಣುತ್ತೀರಿ. ಎರಡು ಹೆಸರಿಗೆ ಎರಡು ಸಾಲು ಮಾಡಬೇಡಿ, ಒಂದನ್ನು ಮುಖ್ಯ ಮಾಡಿ ಇನ್ನೊಂದನ್ನು ಪರ್ಯಾಯ ಹೆಸರಿನಲ್ಲಿ ಇಡಿ.

ಹಾಗಾಗಿ ಆ ಒಂದು ಪುಸ್ತಕಕ್ಕೆ ಕೇಳಬೇಕಾದ ಪ್ರಶ್ನೆ ನಾಲ್ಕು: ಬರೆದವರು ಯಾರು, ಯಾವಾಗ; ಟೀಕೆ ಯಾರದು, ಯಾವಾಗ; ಸಂಪಾದಿಸಿದವರು ಯಾರು, ಯಾವಾಗ; ನಿಮ್ಮ ಕೈಯಲ್ಲಿರುವ ಪ್ರತಿ ಯಾವ ಮುದ್ರಣ. ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುತ್ತಿದ್ದದ್ದು ಇಷ್ಟೇ: ಹೆಸರಿಲ್ಲದೆ ಇಸವಿ ಬರೆಯಬೇಡಿ. ಆ ವರ್ಷ ಯಾರು ಏನು ಮಾಡಿದರು ಎನ್ನುವುದು ಗೊತ್ತಿದ್ದರೆ ಅದು ಯಾವ ಕಾಲಂಗೆ ಹೋಗಬೇಕು ಎಂಬುದೂ ಗೊತ್ತಾಗುತ್ತದೆ.

ತೀರ್ಥಹಳ್ಳಿ ಹುಡುಗ

ಮೇಷ್ಟ್ರೇ, ನಮ್ಮ ಮನೆಯಲ್ಲಿ ಜೈಮಿನಿ ಭಾರತದ ಓಲೆಗರಿ ಕಟ್ಟು ಇದೆ. ಅಜ್ಜ ಪೂಜೆಯ ಕೋಣೆಯಲ್ಲಿ ಇಟ್ಟಿದ್ದರು. ಕೊನೆಯ ಗರಿಯಲ್ಲಿ ಶಾಲಿವಾಹನ ಶಕ 1765, ಶೋಭಕೃತು ಸಂವತ್ಸರ, ಮಾಘ ಶುದ್ಧ ಅಂತ ಇದೆ. ಹಾಗಾದರೆ ಜೈಮಿನಿ ಭಾರತ ಬರೆದದ್ದು 1843ರಲ್ಲಾ? ಲಕ್ಷ್ಮೀಶ ಅದಕ್ಕಿಂತ ಹಳಬ ಅಲ್ಲವಾ? ಇದಕ್ಕೆ ಬೆಲೆ ಎಷ್ಟಾಗಬಹುದು?

ಹಳಗನ್ನಡ ಮೇಷ್ಟ್ರು, ಧಾರವಾಡ

ತಮ್ಮಾ, ಲಕ್ಷ್ಮೀಶ ಖಂಡಿತ ಹಳಬ. ಕೊನೆಯ ಗರಿಯಲ್ಲಿರುವುದು ಪ್ರತಿ ಮಾಡಿದವರು ಬರವಣಿಗೆ ಮುಗಿಸಿದ ದಿನ. ಕಾವ್ಯ ಹುಟ್ಟಿದ ಕಾಲಕ್ಕೂ ಅದಕ್ಕೂ ಸಂಬಂಧ ಇಲ್ಲ. ಸುಜಾತಾ ಅವರೂ ಇದನ್ನು ಗಮನಿಸಬೇಕು. ಸಂಪಾದಿತ ಪುಸ್ತಕಗಳ ಪೀಠಿಕೆಯಲ್ಲಿ "ಕ ಪ್ರತಿ, ಖ ಪ್ರತಿ" ಎಂದು ಹಸ್ತಪ್ರತಿಗಳ ವಿವರ ಇರುತ್ತದೆ, ಅಲ್ಲಿ ಇಂಥ ಶಕವರ್ಷಗಳು ಸಿಗುತ್ತವೆ. ಅವಸರದಲ್ಲಿ ಅದನ್ನೇ ಕೃತಿಯ ಕಾಲ ಎಂದು ಬರೆದುಕೊಂಡವರನ್ನು ನೋಡಿದ್ದೇನೆ.

ನಿಮ್ಮ ಲೆಕ್ಕದಲ್ಲೂ ಒಂದು ಸಣ್ಣ ತಿದ್ದುಪಡಿ ಇದೆ. ಶಕವರ್ಷಕ್ಕೆ 78 ಕೂಡಿಸಿದರೆ 1843 ಬರುತ್ತದೆ, ಶೋಭಕೃತು ಸಂವತ್ಸರವೂ ಆ ಯುಗಾದಿಗೇ ಶುರುವಾದದ್ದು. ಶಕ, ಸಂವತ್ಸರ ಎರಡೂ ಹೊಂದುವುದರಿಂದ ಓದುವಾಗ ತಪ್ಪಾಗಿಲ್ಲ ಎಂದು ಧೈರ್ಯವಾಗಿ ಹೇಳಬಹುದು. ಆದರೆ ಯುಗಾದಿಯಿಂದ ಯುಗಾದಿಗೆ ಹೋಗುವ ವರ್ಷದಲ್ಲಿ ಮಾಘ ಬರುವ ಹೊತ್ತಿಗೆ ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ಹೊಸ ವರ್ಷ ಬಂದಿರುತ್ತದೆ. ಹಾಗಾಗಿ ನಿಮ್ಮ ಪ್ರತಿ ಮುಗಿದದ್ದು 1844ರ ಆರಂಭದಲ್ಲಿ. ಮಾಘ, ಫಾಲ್ಗುಣಕ್ಕೆ 79 ಕೂಡಿಸಬೇಕು. ಪುಷ್ಯದಲ್ಲಿ ತಿಥಿ ನೋಡಿಯೇ ತೀರ್ಮಾನಿಸಬೇಕು. ತಿಂಗಳೇ ಹೇಳಿಲ್ಲದಿದ್ದರೆ 1843–44 ಎಂದು ಬರೆಯಿರಿ.

ಬೆಲೆಯ ಮಾತು ಬೇಡ. ಗರಿಗಳಿಗೆ ಎಣ್ಣೆ ಗಿಣ್ಣೆ ಹಚ್ಚಲು ಹೋಗಬೇಡಿ. ಹಸ್ತಪ್ರತಿ ವಿಭಾಗ ಇರುವ ವಿಶ್ವವಿದ್ಯಾಲಯಕ್ಕೆ ಒಯ್ದು ತೋರಿಸಿ.

ಕಾರ್ಡು ಡಬ್ಬಿ, ಮೈಸೂರು

ಮೂವತ್ತೊಂದು ವರ್ಷ ಕಾಲೇಜು ಗ್ರಂಥಾಲಯದಲ್ಲಿ ಕ್ಯಾಟಲಾಗ್ ಮಾಡಿದವಳು ನಾನು. ಮೇಷ್ಟ್ರು ಹೇಳಿದ್ದನ್ನು ಪಟ್ಟಿಗೆ ಇಳಿಸುವುದು ಹೇಗೆ ಎಂದು ಹೇಳುತ್ತೇನೆ.

ಸುಜಾತಾ, ಕಾಲಂ ಹೆಚ್ಚಿಸುವ ಮೊದಲು ಹಾಳೆಯನ್ನೇ ಎರಡು ಮಾಡಿ. ಒಂದು ಹಾಳೆ ಕೃತಿಗಳಿಗೆ. ಅಲ್ಲಿ ವಿಕ್ರಮಾರ್ಜುನವಿಜಯ ಒಂದೇ ಸಲ ಬರುತ್ತದೆ, ಪಂಪಭಾರತ ಎನ್ನುವುದು ಅದರ ಇನ್ನೊಂದು ಹೆಸರು. ಎರಡನೆಯ ಹಾಳೆ ಪುಸ್ತಕಗಳಿಗೆ. ಅಲ್ಲಿ ಬಿ. ಎಲ್. ರೈಸ್ ಅವರ 1898ರ ಸಂಪಾದನೆಗೆ ಒಂದು ಸಾಲು, ಕನ್ನಡ ಸಾಹಿತ್ಯ ಪರಿಷತ್ತಿನ 1931ರ ಸಂಪಾದನೆಗೆ ಇನ್ನೊಂದು ಸಾಲು. ಪ್ರತಿ ಸಾಲಿನಲ್ಲೂ ಕೃತಿಯ ಸಂಖ್ಯೆ ಇರಲಿ. ಪಂಪನ ಕಾಲವನ್ನು ಒಂದೇ ಕಡೆ ಬರೆದಿರುತ್ತೀರಿ, ನಾಳೆ ತಿದ್ದಬೇಕಾದರೂ ಒಂದೇ ಕಡೆ ತಿದ್ದಿದರೆ ಸಾಕು.

ಇನ್ನೊಂದು ಮಾತು. ಎಕ್ಸೆಲ್ 1900ಕ್ಕಿಂತ ಹಿಂದಿನದನ್ನು ದಿನಾಂಕ ಎಂದು ಒಪ್ಪುವುದಿಲ್ಲ. ಜೊತೆಗೆ ಒಂದೇ ಕೋಶದಲ್ಲಿ "ಸು. 1260" ಎಂದು ಬರೆದರೆ ಅದು ಅಕ್ಷರವಾಗಿ ಕೂತು ಜೋಡಣೆ ಕೆಡುತ್ತದೆ. ಅದಕ್ಕೆ ಬರೀ ಅಂಕಿಯ ಎರಡು ಕಾಲಂ ಮಾಡಿ, ಇಂದ ಮತ್ತು ವರೆಗೆ. ಓದುವವರಿಗೆ ಕಾಣುವ ಮಾತು ಬೇರೆ ಕಾಲಂನಲ್ಲಿ ಇರಲಿ.

```
ಕೃತಿ,ಹೆಸರು,ಕರ್ತೃ,ಇಂದ,ವರೆಗೆ,ಕಾಣುವ_ಕಾಲ
ಕೃ1,ವಿಕ್ರಮಾರ್ಜುನವಿಜಯ,ಪಂಪ,940,942,ಸು. 941
ಕೃ2,ಶಬ್ದಮಣಿದರ್ಪಣ,ಕೇಶಿರಾಜ,1240,1280,ಸು. 1260

ಪುಸ್ತಕ,ಕೃತಿ,ಸಂಪಾದಕ,ಸಂಪಾದನೆ,ಈ_ಮುದ್ರಣ
ಪು1,ಕೃ1,ಬಿ. ಎಲ್. ರೈಸ್,1898,1898
ಪು2,ಕೃ2,ಎಫ್. ಕಿಟ್ಟೆಲ್,1872,1872
```

ಟೀಕೆ ಹಳೆಯದಾದರೆ ಅದಕ್ಕೂ ಕೃತಿಗಳ ಹಾಳೆಯಲ್ಲಿ ಒಂದು ಸಾಲು ಕೊಡಿ, ಏಕೆಂದರೆ ಅದೂ ಒಬ್ಬರು ಬರೆದ ಕೃತಿಯೇ. ಸಂಪಾದಕರೇ ಈ ಕಾಲದಲ್ಲಿ ಬರೆದ ಗದ್ಯಾನುವಾದ, ಟಿಪ್ಪಣಿ ಆದರೆ ಬೇರೆ ಸಾಲು ಬೇಡ, ಪುಸ್ತಕದ ಸಾಲಿನಲ್ಲೇ "ಟಿಪ್ಪಣಿ: ಸಂಪಾದಕರು" ಎಂದರೆ ಸಾಕು.

ರವಿ ಬಿ., ಬೆಂಗಳೂರು

ಸರಿ ಮೇಡಂ, ನನ್ನ ಮೊದಲಿನ ಮಾತು ಹಿಂತೆಗೆದುಕೊಳ್ಳುತ್ತೇನೆ. ಆದರೆ ಮುಂದೆ ಸುಜಾತಾ ಅವರು ಗ್ರಂಥಾಲಯಗಳಿಗೆಂದೇ ಇರುವ ಕೋಹಾ ತಂತ್ರಾಂಶಕ್ಕೆ ಹೋಗುವುದಾದರೆ ಎರಡು ಹಾಳೆಯ ರಗಳೆಯೇ ಇರುವುದಿಲ್ಲ. ಅಲ್ಲಿ ಪುಸ್ತಕದ ವಿವರ ತುಂಬುವ ಮಾರ್ಕ್ ದಾಖಲೆಯ 008 ಎಂಬ ಕ್ಷೇತ್ರದಲ್ಲಿ ಎರಡು ವರ್ಷಕ್ಕೆ ಜಾಗ ಇದೆ. `r` ಎಂದು ಹಾಕಿ, ಮೊದಲನೆಯದು 1931, ಎರಡನೆಯದು 0941. ಎರಡೂ ಒಂದೇ ಕಡೆ ಬಂತು.

ಕಾರ್ಡು ಡಬ್ಬಿ, ಮೈಸೂರು

ಇಲ್ಲ ರವಿ, ನಮ್ಮಲ್ಲಿ ಅತಿ ಹೆಚ್ಚು ಆಗುವ ತಪ್ಪು ಇದೇ. ಆ `r` ಇರುವುದು ಮರುಮುದ್ರಣಕ್ಕೆ. ಎರಡನೆಯ ವರ್ಷ ಅಂದರೆ ಅದೇ ಪುಸ್ತಕ ಮೊದಲು ಅಚ್ಚಾದ ವರ್ಷ. ರೈಸ್ ಅವರ ಪುಸ್ತಕವನ್ನು ಯಾರಾದರೂ ಈಗ ಹಾಗೇ ಫೋಟೋ ಹಿಡಿದು ಮರುಮುದ್ರಿಸಿದರೆ ಅಲ್ಲಿ 1898 ಬರುತ್ತದೆ. 0941 ಹಾಕಿದರೆ ಹತ್ತನೆಯ ಶತಮಾನದಲ್ಲಿ ಪಂಪಭಾರತ ಅಚ್ಚಾಗಿತ್ತು ಎಂದ ಹಾಗಾಯಿತು. ರಚನೆಯ ಕಾಲಕ್ಕೆ 046 ಎಂಬ ಬೇರೆ ಕ್ಷೇತ್ರ ಇದೆ, ಅದರ `$k`ನಲ್ಲಿ ಹಾಕಬೇಕು. 264ರ `$c`ನಲ್ಲಿ ಅಚ್ಚಿನ ವರ್ಷ ಮಾತ್ರ.

ಪುಸ್ತಕಗಳಿಗೆ ವಿಷಯವಾರು ಸಂಖ್ಯೆ ಕೊಡುವ ರಂಗನಾಥನ್ ಅವರ ಕೋಲನ್ ವರ್ಗೀಕರಣದಲ್ಲಿ ಕೆಲಸ ಮಾಡಿದವರಿಗೆ ಇದು ರಕ್ತಗತ. ಅಲ್ಲಿ ಕನ್ನಡ ಸಾಹಿತ್ಯ O33. ಕವಿಯ ಕಾಲ ವರ್ಗಸಂಖ್ಯೆಯ ಒಳಗೆ ಹೋಗುತ್ತದೆ, ಪುಸ್ತಕ ಅಚ್ಚಾದ ವರ್ಷ ಪುಸ್ತಕಸಂಖ್ಯೆಯಲ್ಲಿ ಬರುತ್ತದೆ, 1949 ಆದರೆ N49 ಎಂಬಂತೆ. ಬೆನ್ನಿನ ಚೀಟಿಯಲ್ಲೇ ಎರಡು ಕಾಲ, ಎರಡು ಜಾಗ. ಮೂಲದ ಪಕ್ಕದಲ್ಲೇ ಅದರ ಟೀಕೆಗಳೂ ಕೂರುವಂತೆ ಅವರು ಏರ್ಪಾಡು ಮಾಡಿದ್ದರು. ನಮ್ಮ ಶಾಸ್ತ್ರಗ್ರಂಥಗಳ ಮೂಲ, ಭಾಷ್ಯ, ಟೀಕೆಗಳ ಸಾಲು ಕಣ್ಣಮುಂದೆ ಇದ್ದವರಿಗೆ ಮಾತ್ರ ಹೊಳೆಯುವ ಏರ್ಪಾಡು ಅದು.

ಹಳಗನ್ನಡ ಮೇಷ್ಟ್ರು, ಧಾರವಾಡ

ಮೇಡಂ ಕೃ1ಕ್ಕೆ ಸು. 941 ಎಂದು ಬರೆದದ್ದು ನೋಡಿ ಖುಷಿಯಾಯಿತು. ಬಹಳ ಜನ ಅಲ್ಲಿ "ಸು." ಹಾಕುವುದಿಲ್ಲ. ಪಂಪ ಕಾಲ ಹೇಳಿರುವುದು ಆದಿಪುರಾಣದಲ್ಲಿ: ಶಕ 863, ಪ್ಲವ ಸಂವತ್ಸರ. ಅದು 941, ಅಲ್ಲಿ ಅನುಮಾನ ಇಲ್ಲ. ವಿಕ್ರಮಾರ್ಜುನವಿಜಯಕ್ಕೆ ಅಂಥ ನೇರ ಉಲ್ಲೇಖ ಇಲ್ಲ. ಒಂದನ್ನು ಆರು ತಿಂಗಳಲ್ಲಿ, ಇನ್ನೊಂದನ್ನು ಮೂರು ತಿಂಗಳಲ್ಲಿ ಮುಗಿಸಿದೆ ಎಂದು ಕವಿ ಹೇಳಿರುವುದರಿಂದ ಎರಡೂ ಹತ್ತಿರ ಹತ್ತಿರದವು ಎಂದು ತಿಳಿಯುತ್ತೇವೆ. ಆದ್ದರಿಂದ ಆದಿಪುರಾಣಕ್ಕೆ ಬರೀ 941, ಭಾರತಕ್ಕೆ ಸು. 941. ಅಂಕಿ ಒಂದೇ ಆದರೂ ಎರಡರ ಆಧಾರ ಬೇರೆ. "ಕಾಲದ ಆಧಾರ" ಅಂತ ಇನ್ನೊಂದು ಕಾಲಂ ಇಟ್ಟು "ಕವಿಯ ಮಾತು", "ವಿದ್ವಾಂಸರ ಊಹೆ" ಎಂದು ಎರಡೇ ಪದ ಬರೆದರೂ ಸಾಕು.

ವಡ್ಡಾರಾಧನೆಯ ವಿಷಯ ಇನ್ನೂ ಸೂಕ್ಷ್ಮ. ಡಿ. ಎಲ್. ನರಸಿಂಹಾಚಾರ್ ಅವರ ಸಂಪಾದನೆ 1949, ಅದು ಖಚಿತ. ಕೃತಿಯ ಕಾಲ ಸು. 920 ಎನ್ನುವವರಿದ್ದಾರೆ, ಹಿಂದಕ್ಕೆ ಒಯ್ಯುವವರೂ ಇದ್ದಾರೆ. ಕರ್ತೃವಿನ ಬಗ್ಗೆಯೂ ವಾದ ಮುಗಿದಿಲ್ಲ. ಅಲ್ಲಿ 800ರಿಂದ 1000 ಎಂದು ಅಗಲವಾಗಿ ಬಿಟ್ಟು, ಕಾಣುವ ಕಾಲದಲ್ಲಿ "9–10ನೆಯ ಶತಮಾನ" ಎಂದು ಬರೆಯಿರಿ. ಗೊತ್ತಿರುವುದಕ್ಕಿಂತ ಹೆಚ್ಚು ಖಚಿತವಾಗಿ ಬರೆಯುವುದೂ ತಪ್ಪೇ.

ವಚನಪ್ರಿಯ, ವಿಜಯಪುರ

ಸರ್, ನಮ್ಮ ಕಡೀದ ಒಂದು ಪ್ರಶ್ನೆ ಕೇಳ್ತೀನ್ರಿ. ನಾನೂ ಹಿಂಗ ಪಟ್ಟಿ ಮಾಡಾಕತ್ತೀನಿ, ಎಲ್ಲಾ ವಚನದ ಪುಸ್ತಕ. ಬಸವಣ್ಣನವರದು 12ನೇ ಶತಮಾನ. ಶೂನ್ಯಸಂಪಾದನೆ ಮೊದಲ ಹೆಣೆದದ್ದು 15ನೇ ಶತಮಾನ. ಫ. ಗು. ಹಳಕಟ್ಟಿಯವರ ವಚನಶಾಸ್ತ್ರಸಾರ ಬಂದದ್ದು 1923. ವಚನ ಅವೇ ಅದಾವು, ಕಾಲ ಮೂರು. ಯಾವುದು ಮೂಲ ಅಂತ ಹಿಡೀಲಿ? ನಮ್ಮ ಹುಡುಗ ಒಬ್ಬಾಂವ ಶೂನ್ಯಸಂಪಾದನೆಗೆ ಗೂಳೂರು ಸಿದ್ಧವೀರಣ್ಣೊಡೆಯರನ್ನ "ಸಂಪಾದಕ" ಅಂತ ಹಾಕ್ಯಾನ. ಅದು ಸರಿ ಏನ್ರಿ?

ಹಳಗನ್ನಡ ಮೇಷ್ಟ್ರು, ಧಾರವಾಡ

ಸರಿಯಲ್ಲ, ತಿದ್ದಿಸಿರಿ. ಶೂನ್ಯಸಂಪಾದನೆಯಲ್ಲಿ "ಸಂಪಾದನೆ" ಎಂದರೆ ಶೂನ್ಯವನ್ನು ಗಳಿಸಿಕೊಳ್ಳುವುದು. ಪುಸ್ತಕ ಸಂಪಾದನೆಗೂ ಅದಕ್ಕೂ ನಂಟಿಲ್ಲ. ವಚನಗಳನ್ನು ಆಯ್ದು, ಶರಣರ ಸಂವಾದವಾಗಿ ಹೆಣೆದವರು ಅವರು. ಅವರನ್ನು ಸಂಕಲನಕಾರ ಎನ್ನಿ. ಆ ಹೆಣಿಗೆಯೇ ಒಂದು ಹೊಸ ಕೃತಿ, ಆದ್ದರಿಂದ ಅವರು ಹೆಣೆದ ಕಾಲವೇ ಕೃತಿಯ ಕಾಲ. ಈ ಕಾಲದಲ್ಲಿ ಅದನ್ನು ಅಚ್ಚಿಗೆ ಸಿದ್ಧಮಾಡಿದವರು ಸಂಪಾದಕರು.

ವಚನಶಾಸ್ತ್ರಸಾರದಲ್ಲಿ ಆಯ್ಕೆ, ವಿಷಯವಾರು ಜೋಡಣೆ ಎಲ್ಲ ಹಳಕಟ್ಟಿಯವರದು. ನನ್ನ ಪ್ರಕಾರ ಅದು 1923ರ ಕೃತಿ, ಒಳಗಿನ ವಚನಗಳು 12ನೆಯ ಶತಮಾನದವು ಎಂಬುದು ಟಿಪ್ಪಣಿಗೆ ಸೇರಬೇಕು.

ಕಾರ್ಡು ಡಬ್ಬಿ, ಮೈಸೂರು

ಇಲ್ಲಿ ಮೇಷ್ಟ್ರ ಮಾತು ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಬಸವಣ್ಣನವರ ವಚನ ಹುಡುಕಿಕೊಂಡು ಬರುವವರಿಗೆ ವಚನಶಾಸ್ತ್ರಸಾರ ಸಿಗದೇ ಹೋಗಬಾರದು. ನಾನಾದರೆ ಒಳಗಿನ ಕಾಲಕ್ಕೂ ಒಂದು ಕಾಲಂ ಕೊಡುತ್ತಿದ್ದೆ. ಸಂಕಲನಗಳಿಗೆ ಮಾತ್ರ ಅದನ್ನು ತುಂಬಬೇಕು, ಉಳಿದವುಗಳಿಗೆ ಖಾಲಿ ಬಿಡಬೇಕು.

ವಚನಪ್ರಿಯ, ವಿಜಯಪುರ

ಅಕ್ಕಾವ್ರ ಮಾತು ನಮಗ ಹಿಡಸ್ತು. ನಮ್ಮಲ್ಲಿ ಬರೋರು ಶರಣರ ಹೆಸರು ಹೇಳ್ಕೊಂತನ ಬರ್ತಾರ್ರಿ. ಒಳಗಿನ ಕಾಲಂ ಹಾಕ್ತೀನಿ.

ಸುಜಾತಾ, ಸಾಗರ

ಬಹಳ ಉಪಕಾರವಾಯಿತು. ಎರಡು ಹಾಳೆ ಮಾಡಿದೆ. ಈಗ "ಸಂಪಾದನೆ", "ಈ ಮುದ್ರಣ" ಈ ಎರಡರ ನಡುವೆ ಸಿಕ್ಕಿಕೊಂಡಿದ್ದೇನೆ. ಒಂದು ಪುಸ್ತಕದಲ್ಲಿ "ಎರಡನೆಯ ಮುದ್ರಣ" ಎಂದಿದೆ, ಆದರೆ ಒಳಗೆ ಸಂಪಾದಕರು "ಈ ಸಲ ಇನ್ನೊಂದು ಓಲೆಪ್ರತಿ ದೊರೆಯಿತು, ಹಲವು ಪಾಠ ತಿದ್ದಿದ್ದೇನೆ" ಎಂದು ಬರೆದಿದ್ದಾರೆ. ಇನ್ನೊಂದರಲ್ಲಿ "ಮೂರನೆಯ ಆವೃತ್ತಿ" ಎಂದಿದೆ, ಪುಟ ಪುಟವೂ ಹಿಂದಿನದೇ.

ಕಾರ್ಡು ಡಬ್ಬಿ, ಮೈಸೂರು

ನಮ್ಮ ಪ್ರಕಾಶಕರು ಮುದ್ರಣ, ಆವೃತ್ತಿ ಎಂಬ ಎರಡು ಪದಗಳನ್ನು ಕೈಗೆ ಬಂದಂತೆ ಬಳಸಿದ್ದಾರೆ. ಪದವನ್ನು ಇದ್ದ ಹಾಗೇ ಟಿಪ್ಪಣಿಯಲ್ಲಿ ಬರೆದುಕೊಳ್ಳಿ, ತೀರ್ಮಾನ ಮಾತ್ರ ಪುಸ್ತಕ ನೋಡಿ ಮಾಡಿ. ಹಳೆಯದು ಹೊಸದು ಪಕ್ಕಪಕ್ಕ ಇಟ್ಟು ಮೂರು ಕಡೆ ತೆರೆಯಿರಿ: ಒಟ್ಟು ಪುಟ, ಒಂದು ಆಶ್ವಾಸದ ಕೊನೆಯ ಪದ್ಯದ ಸಂಖ್ಯೆ, ಅಡಿಯಲ್ಲಿ ಕೊಟ್ಟ ಪಾಠಾಂತರ. ಅಡಿಟಿಪ್ಪಣಿಯಲ್ಲಿ ಮೊದಲು ಕ, ಖ, ಗ ಮಾತ್ರ ಇದ್ದು ಈಗ ಘ ಸೇರಿದ್ದರೆ ಹೊಸ ಹಸ್ತಪ್ರತಿ ಬಂದಿದೆ, ಅಂದರೆ ಅದು ಹೊಸ ಸಂಪಾದನೆ. ನಿಮ್ಮ ಮೊದಲ ಪುಸ್ತಕಕ್ಕೆ ಹೊಸ ಸಾಲು ಕೊಡಿ. ಎರಡನೆಯದಕ್ಕೆ ಹಳೆಯ ಸಂಪಾದನೆಯ ವರ್ಷವೇ ಇರಲಿ, "ಈ ಮುದ್ರಣ" ಮಾತ್ರ ಬದಲಾಗಲಿ.

ಮೊದಲ ಹಾಳೆ ಇಲ್ಲದವುಗಳಿಗೆ ಅರಿಕೆ ಅಥವಾ ಮುನ್ನುಡಿಯ ಕೆಳಗಿನ ದಿನಾಂಕ ನೋಡಿ. ಆದರೆ ಮರುಮುದ್ರಣದಲ್ಲೂ ಹಳೆಯ ಮುನ್ನುಡಿಯೇ ಇರುತ್ತದೆ, ಅದನ್ನು ನಂಬಿ ಕೂರುವ ಹಾಗಿಲ್ಲ. ರಟ್ಟಿನ ಮೇಲಿನ ಬೆಲೆ ನೋಡಿ. ರೂ. 3-8-0 ಎಂದು ಆಣೆ ಪೈಯ ಲೆಕ್ಕ ಇದ್ದರೆ ಅದು 1957ರ ಏಪ್ರಿಲ್‌ನಲ್ಲಿ ನಯಾಪೈಸೆ ಬರುವ ಹಿಂದಿನದು. ವಿಳಾಸದಲ್ಲಿ "ಬೆಂಗಳೂರು-2" ಎಂದಿದೆಯೋ, ಆರಂಕಿಯ ಪಿನ್‌ಕೋಡ್ ಇದೆಯೋ ನೋಡಿ. ಆರಂಕಿಯದು 1972ರ ಆಗಸ್ಟ್‌ನಿಂದ ಈಚೆಗೆ. "ಮೈಸೂರು ರಾಜ್ಯ" ಎಂದಿದ್ದರೆ 1973ರ ನವೆಂಬರ್‌ಗಿಂತ ಮುಂಚಿನದು ಇರಬಹುದು. ಹೀಗೆ ಕಂಡುಕೊಂಡ ವರ್ಷವನ್ನು ಚೌಕ ಕಂಸದಲ್ಲಿ [1957ಕ್ಕೆ ಮೊದಲು] ಎಂದು ಬರೆಯಿರಿ. ಪುಸ್ತಕ ಹೇಳಿದ್ದಲ್ಲ, ನಾವು ಕಂಡುಕೊಂಡದ್ದು ಎಂದು ಮುಂದಿನವರಿಗೆ ತಿಳಿಯಬೇಕು.

ರವಿ ಬಿ., ಬೆಂಗಳೂರು

ಈ ಬೆಲೆಯ ಉಪಾಯ ನನಗೆ ಗೊತ್ತೇ ಇರಲಿಲ್ಲ. ನಮ್ಮ ಪಟ್ಟಿಯಲ್ಲಿ ನಾನು 1965 ಅಂತ ಊಹಿಸಿ ಬರೆದ ಒಂದು ಪುಸ್ತಕ ಇತ್ತು. ಈಗ ತೆಗೆದು ನೋಡಿದೆ, ಬೆಲೆ 2-4-0 ಅಂತ ಇದೆ. ಅಳಿಸಿದೆ.

ಸುಜಾತಾ, ಸಾಗರ

ಇವತ್ತು ಮಧ್ಯಾಹ್ನ ಇಪ್ಪತ್ತೆರಡು ಪುಸ್ತಕ ಮುಗಿಸಿದೆವು. ರಚನೆಯ ಕಾಲದಿಂದ ಜೋಡಿಸಿದಾಗ ವಡ್ಡಾರಾಧನೆ ಮೇಲೆ ಬಂದು ಪಂಪನ ಹತ್ತಿರ ನಿಂತಿತು. ಅದನ್ನು ನೋಡಿ ನಮ್ಮಿಬ್ಬರಿಗೂ ಕಣ್ತುಂಬಿತು.

ಇನ್ನೊಂದೇ ಪ್ರಶ್ನೆ. ಡಿ. ಎಲ್. ಎನ್. ಅವರ "ಪಂಪಭಾರತ ದೀಪಿಕೆ" ಕೈಯಲ್ಲಿದೆ. ಇದನ್ನು ಪಂಪನ ಕೃತಿಯ ಒಂದು ಸಂಪಾದನೆ ಎನ್ನಲೋ, ಡಿ. ಎಲ್. ಎನ್. ಅವರದೇ ಒಂದು ಕೃತಿ ಎನ್ನಲೋ?

ಕಾರ್ಡು ಡಬ್ಬಿ, ಮೈಸೂರು

ನಿಯಮ ಕೇಳಿದರೆ, ಪುಸ್ತಕ ತನ್ನನ್ನು ಏನೆಂದು ಕರೆದುಕೊಂಡಿದೆ ನೋಡಬೇಕು. ಶೀರ್ಷಿಕೆಯಲ್ಲಿ ಮೂಲಕ್ಕೆ ಒತ್ತು ಇದ್ದರೆ ಕವಿಯ ಹೆಸರಿನಲ್ಲಿ, ವ್ಯಾಖ್ಯಾನಕ್ಕೆ ಒತ್ತು ಇದ್ದರೆ ವ್ಯಾಖ್ಯಾನಕಾರರ ಹೆಸರಿನಲ್ಲಿ. ಇಲ್ಲಿ ಹೆಸರೇ ದೀಪಿಕೆ. ನಾನಾದರೆ ಡಿ. ಎಲ್. ಎನ್. ಅವರ ಹೆಸರಿನಲ್ಲಿ ಹೊಸ ಕೃತಿ ಮಾಡಿ, ಕೃ1ಕ್ಕೆ ಕೊಂಡಿ ಹಾಕುತ್ತೇನೆ.

ಹಳಗನ್ನಡ ಮೇಷ್ಟ್ರು, ಧಾರವಾಡ

ನನ್ನ ಮನಸ್ಸು ಒಪ್ಪುವುದಿಲ್ಲ. ದೀಪಿಕೆ ಹಿಡಿದು ಕೂತ ವಿದ್ಯಾರ್ಥಿ ಓದುತ್ತಿರುವುದು ಪಂಪನನ್ನೇ. ಪಂಪಭಾರತದ ಕಪಾಟಿನಿಂದ ಅದನ್ನು ಎತ್ತಿ ಬೇರೆ ಕಡೆ ಇಟ್ಟರೆ ಹುಡುಕುವವನ ಕೈಗೆ ಸಿಗುವುದಿಲ್ಲ. ಪಟ್ಟಿಯಲ್ಲಿ ಏನಾದರೂ ಮಾಡಿಕೊಳ್ಳಿ ಸುಜಾತಾ, ಕಪಾಟಿನಲ್ಲಿ ಮಾತ್ರ ಪರಿಷತ್ತಿನ ಪಂಪಭಾರತದ ಪಕ್ಕದಲ್ಲೇ ಇಡಿ.

ಸುಜಾತಾ, ಸಾಗರ

ಆಗಲಿ ಸರ್, ಪಕ್ಕದಲ್ಲೇ ಇಡುತ್ತೇನೆ. ಪಟ್ಟಿಯ ಸಾಲನ್ನು ಸದ್ಯಕ್ಕೆ ಹಳದಿ ಬಣ್ಣ ಹಾಕಿ ಬಿಟ್ಟಿದ್ದೇನೆ. ಬೇರೆ ಗ್ರಂಥಾಲಯದವರು ಇದನ್ನು ಹೇಗೆ ಮಾಡಿದ್ದಾರೆ ಎಂದು ಗೊತ್ತಿದ್ದವರು ಹೇಳಿ.